ಸ್ಕ್ಯಾನ್ ಪ್ರತಿಯಿಂದ ಮರುಮೌಲ್ಯಮಾಪನದವರೆಗೆ: ಹತ್ತು ದಿನಗಳ ಲೆಕ್ಕ

ದ್ವಿತೀಯ ಪಿಯುಸಿಯ ಅಂಕ ಒಪ್ಪಿಗೆಯಾಗದ ವಿದ್ಯಾರ್ಥಿ ನೇರವಾಗಿ ಮರುಮೌಲ್ಯಮಾಪನ ಕೇಳುವಂತಿಲ್ಲ. ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಬೇಕು. ಪ್ರತಿ ಕೈಗೆ ಬಂದ ಮೇಲಷ್ಟೇ ಮುಂದಿನ ದಾರಿ. 2024ರಲ್ಲಿ ಫಲಿತಾಂಶ ಬಂದದ್ದು ಏಪ್ರಿಲ್ 10ರಂದು. ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಲು 16ರವರೆಗೆ, ಮರುಮೌಲ್ಯಮಾಪನಕ್ಕೆ 20ರವರೆಗೆ ಅವಕಾಶವಿತ್ತು. ಶುಲ್ಕ ವಿಷಯವೊಂದಕ್ಕೆ ಪ್ರತಿಗೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670. ಮರುಎಣಿಕೆಗೆ ಶುಲ್ಕವಿರಲಿಲ್ಲ.

ಮರುಎಣಿಕೆಗೂ ಮರುಮೌಲ್ಯಮಾಪನಕ್ಕೂ ವ್ಯತ್ಯಾಸವಿದೆ. ಮರುಎಣಿಕೆಯಲ್ಲಿ ಕೊಟ್ಟ ಅಂಕಗಳನ್ನೇ ಮತ್ತೆ ಕೂಡುತ್ತಾರೆ. ಮರುಮೌಲ್ಯಮಾಪನದಲ್ಲಿ ಉತ್ತರಗಳನ್ನೇ ಮತ್ತೆ ಓದಿ ಅಂಕ ಹಾಕುತ್ತಾರೆ. ಕಾಲೇಜು ಕಳಿಸಿದ ಆಂತರಿಕ ಅಂಕ ಇವೆರಡರಲ್ಲೂ ಅಲುಗುವುದಿಲ್ಲ, ಏಕೆಂದರೆ ಅದು ಉತ್ತರ ಪತ್ರಿಕೆಯಲ್ಲಿ ಇರುವುದೇ ಇಲ್ಲ.

2024ರಲ್ಲಿ ದೇವದುರ್ಗದ ಒಬ್ಬ ವಿದ್ಯಾರ್ಥಿನಿಗೆ ಇತಿಹಾಸದಲ್ಲಿ ಲಿಖಿತ 80ಕ್ಕೆ 20, ಆಂತರಿಕ 20ಕ್ಕೆ 13, ಒಟ್ಟು 33 ಬಂದು ಅನುತ್ತೀರ್ಣಳಾದಳು ಎಂದಿಟ್ಟುಕೊಳ್ಳೋಣ. ಪ್ರತಿಯಲ್ಲಿ ಅವಳು ಮೊದಲು ನೋಡಬೇಕಾದದ್ದು ಒಳಪುಟದ ಅಂಕಗಳೆಲ್ಲ ಮುಖಪುಟಕ್ಕೆ ಬಂದಿವೆಯೇ, ಮೊತ್ತ ಸರಿಯೇ ಎಂಬುದನ್ನು. ಆಮೇಲೆ ಅಂಕವೇ ಬೀಳದ ಉತ್ತರವಿದೆಯೇ ಎಂದು ಹುಡುಕಬೇಕು. ಬೇರೆ ಪುಟದಲ್ಲಿ ಮುಂದುವರಿದ ಉತ್ತರ ಕಣ್ತಪ್ಪುವುದು ಸುಲಭ. ಐದು ಅಂಕದ ಉತ್ತರವೊಂದು ಹಾಗೆ ಉಳಿದಿದ್ದು ಅದಕ್ಕೆ ನಾಲ್ಕು ಸಿಕ್ಕರೆ ಲಿಖಿತ 24, ಒಟ್ಟು 37, ಅವಳು ಪಾಸು. ಬದಲಿಗೆ ಪ್ರತಿ ಉತ್ತರಕ್ಕೂ ಅಂಕ ಬಿದ್ದಿದ್ದು, ‘ಇನ್ನೊಂದು ಕೊಡಬಹುದಿತ್ತು’ ಎಂಬ ಬೇಸರ ಮಾತ್ರ ಉಳಿದರೆ 1,670 ರೂಪಾಯಿ ಜೂಜಿನ ಹಣವೇ ಸರಿ.

ಒಂದು ವಿಷಯಕ್ಕೆ ಒಟ್ಟು 2,200 ರೂಪಾಯಿ. ಆ ವರ್ಷ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349. ಮಾನ್ವಿಯ ಕೂಲಿ ಮನೆಗೆ ಇದು ಆರು ದಿನಕ್ಕೂ ಮಿಕ್ಕಿದ ದುಡಿಮೆ. ಆನ್‌ಲೈನ್ ಅರ್ಜಿ ಹಾಕಲು ರಾಯಚೂರು ನಗರದಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ನೆಟ್ ಸೆಂಟರ್ ಸಿಗುತ್ತದೆ. ಹಳ್ಳಿಯ ಮಕ್ಕಳಿಗೆ ಬಸ್ಸಿನ ಖರ್ಚೂ ಸೇರುತ್ತದೆ. ಪ್ರತಿ ಪಡೆಯಲು ಇನ್ನೊಂದು ದಾರಿಯೂ ಇದೆ. ಮಾಹಿತಿ ಹಕ್ಕಿನಡಿ ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕು ಪರೀಕ್ಷಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಆದರೆ ಆ ಕಾಯ್ದೆಯಲ್ಲಿ ಉತ್ತರ ಕೊಡಲು 30 ದಿನಗಳಿವೆ, ಮರುಮೌಲ್ಯಮಾಪನದ ಬಾಗಿಲು 2024ರಲ್ಲಿ ಹತ್ತೇ ದಿನಕ್ಕೆ ಮುಚ್ಚಿತು. ಹಕ್ಕು ಹೀಗೆ ಕಾಗದದಲ್ಲೇ ಉಳಿಯುತ್ತದೆ.

ಇನ್ನೊಂದು ತೊಡಕು ಪರೀಕ್ಷೆ-2. 2024ರಲ್ಲಿ ಅದು ಏಪ್ರಿಲ್ 29ಕ್ಕೇ ಶುರುವಾಯಿತು. ಮರುಮೌಲ್ಯಮಾಪನಕ್ಕೆ ಹಣ ಕಟ್ಟಿದವರೂ ಓದು ನಿಲ್ಲಿಸುವಂತಿರಲಿಲ್ಲ. ಆಗ ಮೂರು ಪರೀಕ್ಷೆಗಳಲ್ಲಿ ಹೆಚ್ಚು ಬಂದ ಅಂಕವೇ ಉಳಿಯುತ್ತಿದ್ದುದರಿಂದ ಮರುಮೌಲ್ಯಮಾಪನ, ಪರೀಕ್ಷೆ-2 ಎರಡಕ್ಕೂ ಅರ್ಜಿ ಹಾಕುವುದು ಜಾಣತನವಾಗಿತ್ತು. ನ್ಯಾಯವಾಗಿ ನೋಡಿದರೆ ಸ್ಕ್ಯಾನ್ ಪ್ರತಿ ಫಲಿತಾಂಶದ ಜೊತೆಗೇ ಉಚಿತವಾಗಿ ಸಿಗಬೇಕು. ತನ್ನದೇ ಬರಹವನ್ನು ನೋಡಲು 530 ರೂಪಾಯಿ ಅತಿಯಾಯಿತು.