ಒಂದೇ ಜೋಡಿ, ಎರಡು ತೀರ್ಪು

ಮನೆಯ ಜೋಯಿಸರು ನಾಡಿದೋಷವಿದೆ, ಈ ಸಂಬಂಧ ಬೇಡ ಎನ್ನುತ್ತಾರೆ. ಗಂಡಿನ ಕಡೆಯವರು ತೋರಿಸಿದ ಜ್ಯೋತಿಷಿ ಇಪ್ಪತ್ತೇಳು ಗುಣ ಕೂಡಿದೆ, ಧಾರಾಳವಾಗಿ ಮಾಡಬಹುದು ಎನ್ನುತ್ತಾರೆ. ಹೆಣ್ಣಿನ ತಂದೆತಾಯಿಗೆ ಆಗ ತೋಚುವುದು ಒಂದೇ: ಇಬ್ಬರಲ್ಲಿ ಒಬ್ಬರು ಸರಿಯಾಗಿ ಓದಿಕೊಂಡಿಲ್ಲ, ಇಲ್ಲವೇ ಯಾರೋ ಹಣ ಕೊಟ್ಟು ಹೇಳಿಸಿದ್ದಾರೆ. ಮೂರನೆಯವರ ಬಳಿ ಓಡುತ್ತಾರೆ. ಗಣಕೂಟ ನೋಡುವ ಕ್ರಮವನ್ನು ಒಳಹೊಕ್ಕು ನೋಡಿದರೆ ತಿಳಿಯುವುದು ಬೇರೆ. ಇಬ್ಬರೂ ಪ್ರಾಮಾಣಿಕರಾಗಿರಬಹುದು, ಇಬ್ಬರ ಲೆಕ್ಕವೂ ತಪ್ಪಿಲ್ಲದೇ ಇರಬಹುದು. ಆದರೂ ಉತ್ತರ ಎರಡಾಗುತ್ತದೆ.

ಒಂದು ಜೋಡಿಯನ್ನೇ ತೆಗೆದುಕೊಳ್ಳೋಣ. ಹುಡುಗನದು ರೇವತಿ ನಕ್ಷತ್ರ, ಮೀನ ರಾಶಿ. ಅದರಲ್ಲಿ ಗೊಂದಲವಿಲ್ಲ. ಹುಡುಗಿ ಹುಟ್ಟಿದ ಹೊತ್ತಿಗೆ ಚಂದ್ರ ವೃಷಭದಲ್ಲಿ 22 ಡಿಗ್ರಿ 40 ಕಲೆಯಲ್ಲಿದ್ದ ಎನ್ನಿ. ಅರವತ್ತು ಕಲೆಗೆ ಒಂದು ಡಿಗ್ರಿ. ರೋಹಿಣಿ ನಕ್ಷತ್ರ ವೃಷಭದ 23 ಡಿಗ್ರಿ 20 ಕಲೆಗೆ ಮುಗಿಯುತ್ತದೆ, ಹಾಗಾಗಿ ಅವಳದು ರೋಹಿಣಿ ನಾಲ್ಕನೇ ಪಾದ. ಆದರೆ ಆ 22 ಡಿಗ್ರಿ 40 ಕಲೆ ಬಂದದ್ದು ಲಾಹಿರಿ ಅಯನಾಂಶ ಹಿಡಿದು. ಆಕಾಶದಲ್ಲಿ ಮೇಷದ ಆರಂಭ ಎಲ್ಲಿ ಎಂಬುದಕ್ಕೆ ಗೆರೆ ಎಳೆದಿಲ್ಲ. ಎಲ್ಲಿಂದ ಎಣಿಸಬೇಕೆಂದು ಒಪ್ಪಂದ ಮಾಡಿಕೊಳ್ಳಬೇಕು. ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಒಂದು ಆರಂಭಬಿಂದುವನ್ನು ಒಪ್ಪಿತು; ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗ ಅದನ್ನೇ ಅನುಸರಿಸಿತು. ಲಾಹಿರಿ ಎಂದು ಹೆಸರಾದದ್ದು ಅದು. ಬೆಂಗಳೂರಿನ ಬಿ.ವಿ. ರಾಮನ್ ಬೇರೆ ಅಯನಾಂಶ ಬಳಸಿದರು, ಅವರ ದಾರಿ ಹಿಡಿದವರು ಇಂದಿಗೂ ಇದ್ದಾರೆ. ಇವೆರಡರ ನಡುವೆ ಸುಮಾರು ಒಂದೂವರೆ ಡಿಗ್ರಿ ಅಂತರ. ರಾಮನ್ ಲೆಕ್ಕದಲ್ಲಿ ಅದೇ ಹುಡುಗಿಯ ಅದೇ ಚಂದ್ರ 24 ಡಿಗ್ರಿ ದಾಟುತ್ತಾನೆ. ಅವಳ ನಕ್ಷತ್ರ ಮೃಗಶಿರವಾಗುತ್ತದೆ.

ಇಷ್ಟಕ್ಕೇ ಮದುವೆ ಮುರಿಯಬಹುದೇ? ಅಷ್ಟಕೂಟದ ಕೋಷ್ಟಕದಲ್ಲಿ ನೋಡಿ. ರಾಶಿ ವೃಷಭವೇ ಉಳಿದದ್ದರಿಂದ ವರ್ಣ, ವಶ್ಯ, ಗ್ರಹಮೈತ್ರಿ, ರಾಶಿಕೂಟಗಳಲ್ಲಿ ಬದಲಾವಣೆಯಿಲ್ಲ. ತಾರಾಕೂಟಕ್ಕೂ ಎರಡೂ ಲೆಕ್ಕದಲ್ಲಿ ಒಂದೂವರೆ ಅಂಕವೇ. ರೋಹಿಣಿಗೂ ಮೃಗಶಿರಕ್ಕೂ ಯೋನಿ ಸರ್ಪವೇ. ಗಣ ಮನುಷ್ಯದಿಂದ ದೇವಕ್ಕೆ ಬದಲಾದರೂ ಹುಡುಗನದು ದೇವಗಣವಾದ್ದರಿಂದ ಹೆಚ್ಚು ಕಡಿಮೆ ಅಷ್ಟೇ ಅಂಕ. ಬದಲಾಗುವುದು ನಾಡಿ ಮಾತ್ರ. ರೋಹಿಣಿ, ರೇವತಿ ಎರಡೂ ಅಂತ್ಯನಾಡಿ, ಆದ್ದರಿಂದ ಸೊನ್ನೆ. ಮೃಗಶಿರ ಮಧ್ಯನಾಡಿ, ಆದ್ದರಿಂದ ಪೂರಾ ಎಂಟು. ಮೂವತ್ತಾರರಲ್ಲಿ ಒಬ್ಬರಿಗೆ ಹತ್ತೊಂಬತ್ತರ ಆಸುಪಾಸು, ಇನ್ನೊಬ್ಬರಿಗೆ ಇಪ್ಪತ್ತೇಳರ ಆಸುಪಾಸು ಬರುತ್ತದೆ. ಹದಿನೆಂಟು ದಾಟಿದರೆ ಸಾಕು ಎನ್ನುವವರಿಗೆ ಹತ್ತೊಂಬತ್ತೂ ಸಾಲುತ್ತದೆ. ಮನೆಯ ಜೋಯಿಸರು ಬೇಡವೆಂದದ್ದು ಒಟ್ಟು ಅಂಕ ನೋಡಿ ಅಲ್ಲ, ಒಂದೇ ನಾಡಿ ಎಂದು.

ಹೀಗೆ ಗಡಿಯಲ್ಲಿ ಹುಟ್ಟಿದವರು ಅಪರೂಪವೇನಲ್ಲ. ಒಂದು ನಕ್ಷತ್ರದ ಅಗಲ 13 ಡಿಗ್ರಿ 20 ಕಲೆ; ಅದರಲ್ಲಿ ಒಂದೂವರೆ ಡಿಗ್ರಿ ಎಂದರೆ ಒಂಬತ್ತರಲ್ಲಿ ಒಂದು ಪಾಲು. ಅಂದರೆ ಸರಿಸುಮಾರು ಒಂಬತ್ತು ಜನರಲ್ಲಿ ಒಬ್ಬರ ನಕ್ಷತ್ರ ಅಯನಾಂಶ ಬದಲಾದರೆ ಬದಲಾಗುತ್ತದೆ.

ಇನ್ನು ಮೂರನೆಯ ಜ್ಯೋತಿಷಿ. ಅವರು ನಕ್ಷತ್ರ ರೋಹಿಣಿಯೇ ಎಂದು ಒಪ್ಪಿ, ಒಂದೇ ನಾಡಿ ಎಂದೂ ಒಪ್ಪಿ, ಆದರೂ ದೋಷವಿಲ್ಲ ಎನ್ನಬಹುದು. ಏಕೆಂದರೆ ನಾಡಿದೋಷ ತಟ್ಟದ ನಕ್ಷತ್ರಗಳ ಪಟ್ಟಿಯೊಂದು ಬಳಕೆಯಲ್ಲಿದೆ, ಅದರಲ್ಲಿ ರೋಹಿಣಿಯೂ ಇದೆ, ರೇವತಿಯೂ ಇದೆ. ದಶಕೂಟಕ್ಕೆ ಹೆಚ್ಚು ಬೆಲೆ ಕೊಡುವ ನಾಲ್ಕನೆಯವರು ರಜ್ಜು ಮೊದಲು ನೋಡುತ್ತಾರೆ. ರೋಹಿಣಿ ಕಂಠರಜ್ಜು, ರೇವತಿ ಪಾದರಜ್ಜು, ಅಲ್ಲಿ ಅಡ್ಡಿಯೇ ಇಲ್ಲ. ಆಕಾಶ ಒಂದೇ, ಜನ್ಮಸಮಯ ಒಂದೇ. ಯಾವ ನಿಯಮವನ್ನು ಮೇಲಿಡಬೇಕೆಂಬ ಸಂಪ್ರದಾಯ ಬೇರೆ.

ಕುಜದೋಷದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೇ ಮನೆಗಳಲ್ಲಿ ಕುಜನಿದ್ದರೆ ದೋಷ ಎಂಬುದು ನಮ್ಮ ಕಡೆಯ ಎಣಿಕೆ. ಲಗ್ನದಿಂದ ಮಾತ್ರ ಎಣಿಸಿದರೆ ಹನ್ನೆರಡರಲ್ಲಿ ಐದು ಪಾಲು ಜನರಿಗೆ ಅದು ಬರುತ್ತದೆ. ಲಗ್ನ, ಚಂದ್ರ, ಶುಕ್ರ ಮೂರರಿಂದಲೂ ಎಣಿಸಿದರೆ ಹತ್ತರಲ್ಲಿ ಎಂಟು ಜನರಿಗೆ ಯಾವುದಾದರೊಂದು ಕಡೆಯಿಂದ ತಗಲುತ್ತದೆ. ಅಷ್ಟು ಜನರನ್ನು ಬಿಟ್ಟರೆ ಮದುವೆಗಳೇ ಆಗುವುದಿಲ್ಲ. ಸ್ವಕ್ಷೇತ್ರ, ಉಚ್ಚ, ಗುರುದೃಷ್ಟಿ ಎಂದು ಅಪವಾದಗಳು ಬೆಳೆದಿರುವಾಗ ಯಾರು ಎಷ್ಟು ಅಪವಾದ ಒಪ್ಪುತ್ತಾರೆ ಎಂಬುದರ ಮೇಲೆ ತೀರ್ಪು ನಿಲ್ಲುತ್ತದೆ. ಅದೂ ಅಲ್ಲದೆ ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಹೆರಿಗೆಯ ಹೊತ್ತನ್ನು ಅಜ್ಜಿ ನೆನಪಿನಿಂದ ಹೇಳಿದ್ದರೆ ಲಗ್ನದ ಮೇಲೆ ನಿಂತ ಕುಜದೋಷಕ್ಕೆ ಆಧಾರವೇ ಸಡಿಲ.

ಹಾಗಾದರೆ ಮನೆಯವರು ಏನು ಮಾಡಬೇಕು? ಕೂಡುತ್ತದೆಯೋ ಇಲ್ಲವೋ ಎಂದಷ್ಟೇ ಕೇಳಿ ಎದ್ದು ಬರಬೇಡಿ. ಚಂದ್ರನ ಸ್ಫುಟ ಎಷ್ಟು, ಯಾವ ಅಯನಾಂಶ, ಯಾವ ಪಂಚಾಂಗ, ಯಾವ ಕೂಟಕ್ಕೆ ಸೊನ್ನೆ ಬಂತು, ಅದಕ್ಕೆ ಅಪವಾದ ನೋಡಿದಿರಾ ಎಂದು ಕೇಳಿ, ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಇಬ್ಬರ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲಿ ಬೇರೆಯಾದರು ಎಂಬುದು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಸಿಗುತ್ತದೆ. ಸ್ಫುಟದಲ್ಲೇ ವ್ಯತ್ಯಾಸವಿದ್ದರೆ ಅಯನಾಂಶ ಒಂದೇ ಇದೆಯೇ, ಜನ್ಮಸಮಯ, ಊರು ಇಬ್ಬರಿಗೂ ಒಂದೇ ಕೊಟ್ಟಿದ್ದೀರಾ ನೋಡಿ. ಸ್ಫುಟ ಒಂದೇ ಇದ್ದು ತೀರ್ಪು ಬೇರೆಯಾದರೆ ಅದು ಪದ್ಧತಿಯ ಭಿನ್ನತೆ. ಮೂರನೆಯವರ ಮತದಿಂದ ಅದು ಇತ್ಯರ್ಥವಾಗುವುದಿಲ್ಲ. ಲೆಕ್ಕ ತೋರಿಸಲು ಒಪ್ಪದವರ ಮಾತಿಗೆ ತೂಕ ಕೊಡಬೇಡಿ. ದೋಷ ಘೋರ ಎಂದ ಉಸಿರಿನಲ್ಲೇ ಶಾಂತಿಯ ಖರ್ಚು ಹೇಳುವವರ ಮಾತಿಗಂತೂ ಕೊಡಲೇಬೇಡಿ.

ನಾಡಿ ಎಂದರೆ ರಕ್ತದ ಗುಂಪು, ಒಂದೇ ನಾಡಿಯಾದರೆ ಮಕ್ಕಳಿಗೆ ತೊಂದರೆ ಎಂಬ ಮಾತೂ ಹರಿದಾಡುತ್ತದೆ. ರಕ್ತದ ಗುಂಪು ತಂದೆತಾಯಿಯಿಂದ ಬರುತ್ತದೆ, ನಾಡಿ ಹುಟ್ಟಿದ ದಿನದ ಚಂದ್ರನಿಂದ. ಒಂದೇ ರಕ್ತದ ಗುಂಪಿನ ಅಣ್ಣತಂಗಿಯರಿಗೆ ಬೇರೆ ನಾಡಿ ಇರಬಹುದು. ಸೋದರಮಾವನಿಗೂ ಸೊಸೆಗೂ ನಾಡಿ ಬೇರೆಯಾದರೆ ನಾಡಿಕೂಟ ತಡೆಯುವುದಿಲ್ಲ, ಆದರೆ ಮಕ್ಕಳ ಆರೋಗ್ಯದ ಚಿಂತೆಗೆ ನಿಜವಾದ ಕಾರಣ ಇರುವುದು ಅಂಥ ರಕ್ತಸಂಬಂಧದಲ್ಲಿ. ಆ ಆತಂಕವಿದ್ದವರು ವೈದ್ಯರ ಸಲಹೆ ಪಡೆದು ಥಲಸ್ಸೀಮಿಯಾದಂಥ ಪರೀಕ್ಷೆ ಮಾಡಿಸಲಿ.

ಜಾತಕದ ತೀರ್ಪಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು ಪುಣೆಯಲ್ಲಿ ಪರೀಕ್ಷೆ ನಡೆಸಿದ್ದರು. ಪ್ರತಿಭಾವಂತ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ, ಯಾವುದು ಯಾರದೆಂದು ಹೇಳಲು ಕೊಟ್ಟರು. ಉತ್ತರಿಸಿದ 27 ಜ್ಯೋತಿಷಿಗಳ ಉತ್ತರಗಳಲ್ಲಿ ಸರಿಯಾದದ್ದು ಶೇಕಡಾ 46. ನಾಣ್ಯ ಚಿಮ್ಮಿದ್ದರೂ ಅಷ್ಟು ಬರುತ್ತಿತ್ತು. ಅದು ಮದುವೆಯ ಪರೀಕ್ಷೆಯಲ್ಲ, ನಿಜ. ಆದರೆ ಕೂಟದ ಅಂಕ ದಾಂಪತ್ಯವನ್ನು ಮುಂಗಾಣುತ್ತದೆ ಎನ್ನುವವರೇ ಅದಕ್ಕೆ ಪುರಾವೆ ಒದಗಿಸಬೇಕು. ಗಣಕೂಟವನ್ನು ಮನೆತನದ ಪದ್ಧತಿಯಾಗಿ ಪಾಲಿಸುವವರನ್ನು ನಾನು ಆಕ್ಷೇಪಿಸುವುದಿಲ್ಲ. ಅವರು ಹುಡುಗಿ ನೋಡುವ ಮುಂಚೆಯೇ ಯಾವ ಜೋಯಿಸರು, ಯಾವ ಪಂಚಾಂಗ ಎಂದು ಗೊತ್ತುಮಾಡಿಕೊಂಡು ಅದಕ್ಕೇ ಬದ್ಧರಾಗಲಿ. ಮಾತುಕತೆಯಾದ ಮೇಲೆ, ಇಬ್ಬರೂ ಒಪ್ಪಿದ ಮೇಲೆ ಜಾತಕ ತೆಗೆಯುವುದು ಅನ್ಯಾಯ. ಸಂಬಂಧ ಮನಸ್ಸಿಗೆ ಬಾರದಿದ್ದರೆ ಹಾಗೆಂದೇ ಹೇಳಿ. ಜಾತಕ ಕೂಡಲಿಲ್ಲ ಎಂಬ ನೆಪದಿಂದ ಆ ಹುಡುಗಿಯ ಹೆಸರಿಗೆ ದೋಷ ಅಂಟಿಕೊಳ್ಳುತ್ತದೆ.

ರೋಹಿಣಿಯೋ ಮೃಗಶಿರವೋ ತಿಳಿಯದ ಈ ಹುಡುಗಿಗೂ ರೇವತಿಯ ಹುಡುಗನಿಗೂ ಒಬ್ಬರಿಗೊಬ್ಬರು ಒಪ್ಪಿಗೆಯಾಗಿದ್ದರೆ, ಮದುವೆ ಬೇಡವೆನ್ನಲು ಆ ಎಂಟು ಅಂಕ ಸಾಲದು.