ತಕ್ಕದ್ದು, ಆದರೆ ಯಾರು?

ಈಚೆಗೆ ಮೂರು ಬಾಡಿಗೆ ಕರಾರು ಪತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಒಂದು ರಾಯಚೂರು ನಗರದ್ದು, ಒಂದು ದೇವದುರ್ಗದ್ದು, ಮತ್ತೊಂದು ಮಾನ್ವಿಯದು. ಮಾಲಕರು ಬೇರೆ, ಬಾಂಡ್ ರೈಟರ್‌ಗಳು ಬೇರೆ, ಒಕ್ಕಣೆ ಮಾತ್ರ ಹೆಚ್ಚುಕಡಿಮೆ ಒಂದೇ. ಯಾವುದೋ ಕಾಲದಲ್ಲಿ ಯಾರೋ ಟೈಪ್ ಮಾಡಿಟ್ಟ ಒಂದು ಫೈಲು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಿದು ಬಂದಂತಿದೆ. ಮಾನ್ವಿಯ ಪತ್ರದ ಎರಡನೇ ಪುಟದಲ್ಲಂತೂ ಹಿಂದಿನ ಬಾಡಿಗೆದಾರರ ಹೆಸರು ಹಾಗೆಯೇ ಉಳಿದಿತ್ತು. ಇಷ್ಟು ಜನ ಸಹಿ ಹಾಕುವ, ಇಷ್ಟು ಕಡಿಮೆ ಜನ ಓದುವ ಗದ್ಯ ಕನ್ನಡದಲ್ಲಿ ಬೇರೊಂದಿಲ್ಲ ಅನಿಸುತ್ತದೆ.

ಈ ಗದ್ಯಕ್ಕೊಂದು ಪ್ರೀತಿಯ ಪದವಿದೆ: ‘ತಕ್ಕದ್ದು’. ಭರಿಸತಕ್ಕದ್ದು, ಮಾಡಿಸತಕ್ಕದ್ದು, ಹಿಂದಿರುಗಿಸತಕ್ಕದ್ದು. ಕೇಳಲು ಗಟ್ಟಿಯಾಗಿದೆ. ಆದರೆ ಕನ್ನಡದ ವಾಕ್ಯ ಕರ್ತೃಪದವಿಲ್ಲದೆಯೂ ಸಲೀಸಾಗಿ ನಿಲ್ಲುತ್ತದೆ. “ಊಟ ಆಯ್ತಾ?” ಎಂದರೆ ಯಾರದೆಂದು ಹೇಳಬೇಕಿಲ್ಲ, ಎದುರಿಗಿರುವವರದು. “ಮೋಟರ್ ಕೆಟ್ಟಲ್ಲಿ ದುರಸ್ತಿ ಮಾಡಿಸತಕ್ಕದ್ದು” ಎಂದು ಬರೆದಾಗ ಎದುರಿಗೆ ಯಾರೂ ಇರುವುದಿಲ್ಲ, ಕಾಗದವಷ್ಟೇ ಇರುತ್ತದೆ. ರಾಯಚೂರಿನ ಪತ್ರದಲ್ಲಿ ಹದಿನಾಲ್ಕು ‘ತಕ್ಕದ್ದು’ ಎಣಿಸಿದೆ. ಒಂಬತ್ತರಲ್ಲಿ ‘ಎರಡನೇ ಪಕ್ಷದವರು’, ಅಂದರೆ ಬಾಡಿಗೆದಾರರು, ಸ್ಪಷ್ಟವಾಗಿ ಇದ್ದಾರೆ. ‘ಮೊದಲನೇ ಪಕ್ಷದವರು’ ಒಂದೇ ಒಂದು ಕಡೆ, ಅದೂ ಬಾಡಿಗೆ ಪಡೆಯುವ ಸಾಲಿನಲ್ಲಿ! ಉಳಿದ ನಾಲ್ಕಕ್ಕೆ ಕರ್ತೃವೇ ಇಲ್ಲ. ಜಗಳ ಹುಟ್ಟುವುದು ಆ ನಾಲ್ಕರಿಂದಲೇ.

ಆ ಪತ್ರ ನನ್ನ ಕೈಗೆ ಬಂದದ್ದು ತಂಗಿಯ ಮಗಳಿಂದ. ಮೊದಲ ಮಹಡಿಯ ಮನೆ, ಬಾಡಿಗೆ 8,000, ಅಡ್ವಾನ್ಸ್ 50,000, ಅವಧಿ ಹನ್ನೊಂದು ತಿಂಗಳು. “ಮಾಮಾ, ಎಲ್ಲಾ ಬರೋಬ್ಬರಿ ಅದ, ಸೈನ್ ಮಾಡೋದಷ್ಟೇ ಬಾಕಿ” ಅಂದಳು. ಪೆನ್ನು ತರಿಸಿ, ಕರ್ತೃವಿಲ್ಲದ ನಾಲ್ಕು ಸಾಲಿಗೆ ಗೆರೆ ಎಳೆದೆ.

ಮೊದಲನೆಯದು ಮೋಟರಿನ ಸಾಲು. ಮೇ ತಿಂಗಳ ರಾಯಚೂರಿನಲ್ಲಿ ಬೋರಿನ ಮೋಟರ್ ಸುಟ್ಟಿತೆಂದರೆ ಅದು ಸಣ್ಣ ಮಾತಲ್ಲ. ಪತ್ರ ಏನೂ ಹೇಳದಿದ್ದರೆ ದುರಸ್ತಿ ತಾನಾಗಿ ಮಾಲಕರ ಮೇಲೆ ಬೀಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 108ನೇ ಕಲಮಿನ ಪ್ರಕಾರ, ಮಾಲಕರು ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಸೂಕ್ತ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ‘ಮಾಡಿಸಲೇಬೇಕಾದ’ ಅನ್ನುವುದನ್ನು ಸ್ಥಾಪಿಸಬೇಕಾದದ್ದು ಕರಾರು ಪತ್ರವೇ. ಅದು ಮೌನವಾಗಿದ್ದರೆ ಮಾಲಕರ ಮೇಲೆ ಹೊಣೆಯಿಲ್ಲ, ಮುರಿದುಕೊಳ್ಳುವ ಹಕ್ಕಿಗೂ ನೆಲೆಯಿಲ್ಲ. ಬಿಟ್ಟುಹೋದ ಒಂದು ಸಾಲು ಬಾಡಿಗೆದಾರರನ್ನೇ ಹೀಗೆ ಹೊಡೆಯುತ್ತದೆ. ಅಲ್ಲಿ ಬರೆಸಿದ್ದು ಇಷ್ಟು: “500 ರೂಪಾಯಿವರೆಗಿನ ಸಣ್ಣ ದುರಸ್ತಿ ಎರಡನೇ ಪಕ್ಷದವರದು. ಅದಕ್ಕೂ ಮೇಲಿನದು, ಮೋಟರ್, ಪೈಪ್‌ಲೈನ್, ಸೋರುವ ಛತ್ತು ಮೊದಲನೇ ಪಕ್ಷದವರದು. ತಿಳಿಸಿದ ಮೂರು ದಿನದಲ್ಲಿ ಮಾಡಿಸದಿದ್ದರೆ ಎರಡನೇ ಪಕ್ಷದವರು ಮಾಡಿಸಿ ರಸೀದಿ ಕೊಟ್ಟು ಬಾಡಿಗೆಯಲ್ಲಿ ಕಳೆಯಬಹುದು.” ಯಾರು, ಎಷ್ಟು, ಎಷ್ಟು ದಿನದೊಳಗೆ, ಆಗದಿದ್ದರೆ ಏನು. ಈ ನಾಲ್ಕಕ್ಕೆ ಉತ್ತರ ಕೊಡದ ಸಾಲು ಹೊಣೆಯ ಸಾಲಲ್ಲ, ಹಾರೈಕೆ.

ಎರಡನೆಯದು ಕರೆಂಟು. “ವಿದ್ಯುತ್ ಬಿಲ್ಲನ್ನು ಪ್ರತಿ ತಿಂಗಳು ಭರಿಸತಕ್ಕದ್ದು.” ಓದಿದರೆ ತಕರಾರಿಲ್ಲ. ಆದರೆ ಮೆಟ್ಟಿಲ ಕೆಳಗೆ ನೋಡಿದರೆ ಎರಡು ಮಹಡಿಗೂ ಸೇರಿ ಒಂದೇ ಮೀಟರ್, ಒಂದೇ ಆರ್‌ಆರ್ ನಂಬರ್. ಗೃಹಜ್ಯೋತಿ ಯೋಜನೆಯಲ್ಲಿ ಆ ಮನೆಯ ಹಿಂದಿನ ಸರಾಸರಿ ಬಳಕೆಯ ಲೆಕ್ಕದಲ್ಲಿ, ಹೆಚ್ಚೆಂದರೆ 200 ಯೂನಿಟ್ ಉಚಿತ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಕೆಳಗಿನವರು 120, ಮೇಲಿನವರು 120 ಬಳಸಿದರು ಅನ್ನಿ. ಬೇರೆ ಬೇರೆ ಮೀಟರ್ ಇದ್ದಿದ್ದರೆ ಇಬ್ಬರೂ ಮಿತಿಯ ಒಳಗೇ. ಒಂದೇ ಮೀಟರಿನಲ್ಲಿ 240 ಆಗಿ ಇಬ್ಬರೂ ಹೊರಗೆ. ಆಗ ಜೆಸ್ಕಾಂ ಬಿಲ್ಲು ಯಾರು ಎಷ್ಟು ಕಟ್ಟಬೇಕು? ಪತ್ರಕ್ಕೆ ಗೊತ್ತಿಲ್ಲ. ಹಾಗಾಗಿ ಹಿಂದಿನ ಮೂರು ತಿಂಗಳ ಬಿಲ್ಲು ಕೇಳಿ ನೋಡಿ, ಮನೆ ಹೊಕ್ಕ ದಿನದ ರೀಡಿಂಗನ್ನೂ ಉಪಮೀಟರಿನ ಲೆಕ್ಕವನ್ನೂ ಪತ್ರದಲ್ಲೇ ಬರೆಸಿಕೊಳ್ಳಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಆ ಆರ್‌ಆರ್ ನಂಬರಿಗೆ ಜೋಡಣೆಯಾಗಿದ್ದರೆ ಅದನ್ನು ಬಿಡಿಸಲು ಸಹಕರಿಸುವ ಹೊಣೆ ಮಾಲಕರದೆಂದು ಒಂದು ಸಾಲೂ ಬೇಕು.

ಅವಧಿಯ ಸಾಲಿಗೆ ಬಂದಾಗ ದೇವದುರ್ಗದ ಪತ್ರ ನೆನಪಾಯಿತು. ದೇವದುರ್ಗ, ಮಾನ್ವಿಯಂಥ ತಾಲ್ಲೂಕು ಊರುಗಳಲ್ಲಿ ಬಾಡಿಗೆಗೆ ಬರುವವರಲ್ಲಿ ಬಹಳ ಮಂದಿ ಶಿಕ್ಷಕರು, ಬ್ಯಾಂಕಿನವರು, ಇಲಾಖೆಯ ನೌಕರರು. ವರ್ಗಾವಣೆ ಆದೇಶ ಹನ್ನೊಂದು ತಿಂಗಳ ಲೆಕ್ಕ ನೋಡಿ ಬರುವುದಿಲ್ಲ. ಆ ಪತ್ರದಲ್ಲಿದ್ದದ್ದು: “ಅವಧಿಗೆ ಮುನ್ನ ಖಾಲಿ ಮಾಡಿದಲ್ಲಿ ನಷ್ಟ ಭರಿಸತಕ್ಕದ್ದು.” ನಷ್ಟ ಎಂದರೆ ಒಂದು ತಿಂಗಳ ಬಾಡಿಗೆಯೋ, ಉಳಿದ ಏಳು ತಿಂಗಳದ್ದೋ? ಹೇಗೂ ಕಾನೂನಿನಲ್ಲಿ ಹದಿನೈದು ದಿನದ ನೋಟಿಸ್ ಇದೆಯಲ್ಲ ಎಂಬ ಧೈರ್ಯ ಬೇಡ. 106ನೇ ಕಲಮಿನ ಆ ಹದಿನೈದು ದಿನ ತಿಂಗಳು-ತಿಂಗಳ ಬಾಡಿಗೆಗೆ, ಅವಧಿ ನಿಗದಿಯಾದ ಕರಾರಿಗಲ್ಲ. ವಿಚಿತ್ರವೆಂದರೆ ಹನ್ನೊಂದು ತಿಂಗಳು ಮುಗಿದು, ಹೊಸ ಪತ್ರವಿಲ್ಲದೆ, ಮಾಲಕರು ಬಾಡಿಗೆ ಪಡೆಯುತ್ತಲೇ ಹೋದರೆ ಅದೇ ಹದಿನೈದು ದಿನ ಜಾರಿಗೆ ಬರುತ್ತದೆ, ಈ ಬಾರಿ ಇಬ್ಬರ ತಲೆಯ ಮೇಲೂ. ಮಗುವಿನ ಪರೀಕ್ಷೆಯ ನಡುವೆ ಮನೆ ಬಿಡಿ ಎಂದರೂ ಆಯಿತು. ಬಾಡಿಗೆ 3,500 ದಾಟಿದ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಆಸರೆಯೂ ಇಲ್ಲ. ಮುಂಚಿತ ತಿಳಿವಳಿಕೆ ಎರಡೂ ಕಡೆ ಒಂದೇ ಅಳತೆಯಲ್ಲಿ ಇರಬೇಕು, ವರ್ಗಾವಣೆ ಎಂಬ ಪದವೂ ಅಲ್ಲಿ ಇರಬೇಕು.

ಕೊನೆಯದು ಅಡ್ವಾನ್ಸ್: “ಸುಣ್ಣ-ಬಣ್ಣ ಹಾಗೂ ಇತರೆ ಖರ್ಚು ಕಳೆದು ಉಳಿದ ಹಣವನ್ನು ಹಿಂದಿರುಗಿಸತಕ್ಕದ್ದು.” ಮೂರು ಪತ್ರದಲ್ಲೂ ಅಕ್ಷರವೂ ಬದಲಾಗದ ಸಾಲು ಇದೊಂದೇ, ಮೂರರಲ್ಲೂ ಅತಿ ಕೆಟ್ಟ ಸಾಲೂ ಇದೇ. ‘ಇತರೆ’ ಎಂಬ ಪದ 50,000 ರೂಪಾಯಿಗೆ ತೆರೆದಿಟ್ಟ ಬಾಗಿಲು. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ ಎಂದು 108ನೇ ಕಲಮೇ ಹೇಳುತ್ತದೆ. ಆದರೆ ಆ ಇಡೀ ಕಲಮು ಆರಂಭವಾಗುವುದೇ ಬೇರೆ ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದರೆ ಎಂಬ ಷರತ್ತಿನೊಂದಿಗೆ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿಯುವುದು ನಮ್ಮ ಕಡೆ ರೂಢಿಯೇ ಆಗಿದೆ, ಅದನ್ನು ಅಲ್ಲಗಳೆಯುವುದು ಕಷ್ಟ. ಆದ್ದರಿಂದ ರೂಢಿಯೊಂದಿಗೆ ಗುದ್ದಾಡದೆ ಅದಕ್ಕೊಂದು ಗಡಿ ಹಾಕಬೇಕು: ಬಣ್ಣಕ್ಕೆ ಇಷ್ಟೇ, ಬೇರೆ ಕಡಿತಕ್ಕೆ ರಸೀದಿ, ಬೀಗದಕೈ ಕೊಟ್ಟ ದಿನವೇ ಉಳಿದ ಹಣ. ಹೊಕ್ಕ ದಿನ ಗೋಡೆ, ನಲ್ಲಿ, ಫ್ಯಾನುಗಳ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಂಡರೆ ‘ಇತರೆ’ಯ ಬಾಯಿ ಅರ್ಧ ಮುಚ್ಚುತ್ತದೆ.

ಮರುದಿನ ಮಾಲಕರ ಮನೆಯಲ್ಲಿ ಕೂತೆವು. ಮೋಟರಿಗೆ ಮೂರು ದಿನ ಸಾಲದು, ಐದು ಬೇಕೆಂದರು, ಒಪ್ಪಿದೆವು. ಕರೆಂಟಿಗೆ ಉಪಮೀಟರ್ ತಾವೇ ಹಾಕಿಸುತ್ತೇನೆಂದರು. ನೋಟಿಸ್ ಇಬ್ಬರಿಗೂ ಒಂದು ತಿಂಗಳಾಯಿತು. ಬಣ್ಣದ 8,000 ಮಾತ್ರ ಕದಲಲಿಲ್ಲ, ‘ಇತರೆ’ ಹೋಯಿತು.