ಸಾಮ್ಯದ ಅಂಕವೂ ಚೌರ್ಯದ ನಿರ್ಣಯವೂ

ಸಂಶೋಧನ ಪ್ರಬಂಧವು ಪರೀಕ್ಷಕರ ಕೈಸೇರುವುದಕ್ಕೆ ಮೊದಲು ಯಂತ್ರದ ಪರೀಕ್ಷೆಗೆ ಒಳಗಾಗುವುದು ಈಗ ನಮ್ಮ ವಿಶ್ವವಿದ್ಯಾಲಯಗಳಲ್ಲೆಲ್ಲ ನಿಯತವಾದ ಕ್ರಮವಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಗಳಂತೆ, ಸಾಮ್ಯವು ಶೇಕಡಾ 10ರೊಳಗಿದ್ದರೆ ದಂಡವಿಲ್ಲ. 10ನ್ನು ಮೀರಿ 40ರವರೆಗೆ ಇದ್ದರೆ ಆರು ತಿಂಗಳೊಳಗಾಗಿ ತಿದ್ದಿ ಮತ್ತೆ ಸಲ್ಲಿಸಬೇಕು. 40ನ್ನು ಮೀರಿ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60ನ್ನೂ ಮೀರಿದರೆ ನೋಂದಣಿಯೇ ರದ್ದಾಗುವುದು. ಇಷ್ಟು ದೊಡ್ಡ ಫಲವು ಒಂದು ಅಂಕವನ್ನು ಅವಲಂಬಿಸಿರುವಾಗ, ಆ ಅಂಕವು ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳುವುದಿಲ್ಲ ಎಂಬುದನ್ನು ಸಾಹಿತ್ಯದ ಅಧ್ಯಾಪಕರಾದ ನಾವು ವಿಚಾರಿಸಲೇಬೇಕಾಗಿದೆ.

ಕಳೆದ ಮಾಗಿಯಲ್ಲಿ ಒಬ್ಬ ಸಂಶೋಧಕಿಯು ಹನುಮಂತನಗರದ ನಮ್ಮ ಮನೆಗೆ ತನ್ನ ಪ್ರಬಂಧವನ್ನೂ ಯಂತ್ರದ ವರದಿಯನ್ನೂ ಹೊತ್ತು ಬಂದಳು. ವಿಷಯವು ಕವಿರಾಜಮಾರ್ಗಕ್ಕೂ ದಂಡಿಯ ಕಾವ್ಯಾದರ್ಶಕ್ಕೂ ಇರುವ ಸಂಬಂಧ. ಪ್ರಬಂಧದ ಪ್ರಮಾಣ ಸುಮಾರು 50,000 ಪದಗಳು. ವರದಿಯ ತಲೆಯಲ್ಲಿದ್ದ ಅಂಕ ಶೇಕಡಾ 38. “ಗುರುಗಳೇ, ಎರಡು ವಾರದಲ್ಲಿ ಇದನ್ನು 10ಕ್ಕೆ ಇಳಿಸಬೇಕು. ಎಲ್ಲೆಲ್ಲಿ ಬಣ್ಣ ಬಿದ್ದಿದೆಯೋ ಅಲ್ಲೆಲ್ಲ ಮಾತು ಬದಲಿಸಿಬಿಡಲೇ?” ಎಂದು ಕೇಳಿದಳು. “ಮೊದಲು ಬಣ್ಣವನ್ನು ಓದೋಣ ತಾಯಿ, ತಿದ್ದುವುದು ಆಮೇಲೆ” ಎಂದೆನು. ಅಂದು ಸಂಜೆಯಿಂದ ನಾಲ್ಕು ದಿನ ನಾವಿಬ್ಬರೂ ಕುಳಿತು ಮಾಡಿದ ಕೆಲಸದ ವಿವರವೇ ಈ ಲೇಖನದ ವಸ್ತು.

ಯಂತ್ರವು ಮಾಡುವುದು ಹೋಲಿಕೆಯೊಂದನ್ನೇ. ತನ್ನ ಭಂಡಾರದಲ್ಲಿರುವ ಬರೆಹಗಳೊಡನೆ ಪ್ರಬಂಧದ ಪದಸರಣಿಯನ್ನು ತಾಳೆನೋಡಿ, ಹೊಂದಿದ ಪದಗಳಿಗೆ ಬಣ್ಣ ಕೊಟ್ಟು, ಅವು ಒಟ್ಟಿನಲ್ಲಿ ನೂರಕ್ಕೆ ಎಷ್ಟೆಂದು ಲೆಕ್ಕ ಹಾಕುತ್ತದೆ. ಹೊಂದಿಕೆಗೆ ಕಾರಣವೇನೆಂದು ಅದು ಕೇಳುವುದಿಲ್ಲ. ಆದುದರಿಂದ ನಾವು ಅಂಕವನ್ನು ಬದಿಗಿಟ್ಟು, ಬಣ್ಣ ಬಿದ್ದಿದ್ದ 19,000 ಪದಗಳನ್ನು ಕಾರಣಾನುಸಾರವಾಗಿ ವಿಂಗಡಿಸಿದೆವು.

ಮೊದಲನೆಯ ರಾಶಿ ಉದ್ಧೃತ ಪದ್ಯಗಳದು. ಸುಮಾರು 7,500 ಪದಗಳು. ಇವೆಲ್ಲ ಆಕರವನ್ನು ಹೇಳಿಯೇ ಎತ್ತಿಕೊಂಡವು. 2018ರ ನಿಯಮಗಳೇ ಇಂತಹ ಉದ್ಧರಣೆಗಳನ್ನು ಲೆಕ್ಕದಿಂದ ಹೊರಗಿಡಬೇಕೆನ್ನುತ್ತವೆ. ಆದರೂ ಯಂತ್ರವು ಇವನ್ನು ಎಣಿಸಿದ್ದೇಕೆ? ಅದು ಉದ್ಧರಣೆಯನ್ನು ಸಾಮಾನ್ಯವಾಗಿ ಉದ್ಧರಣ ಚಿಹ್ನೆಯಿಂದ ಗುರುತಿಸುತ್ತದೆ. ನಮ್ಮವರಾದರೋ ಪದ್ಯವನ್ನು ಚಿಹ್ನೆಯಿಲ್ಲದೆ ಒಳಸರಿಸಿ ಬರೆಯುವ ಸಂಪ್ರದಾಯದವರು. ಇಲ್ಲಿ ತಿದ್ದಬೇಕಾದುದು ಚಿಹ್ನೆ ಮಾತ್ರ. ಈ ಸಂಶೋಧಕಿಯ ಸಹಾಧ್ಯಾಯಿಯೊಬ್ಬನು ಅಂಕವನ್ನು ಇಳಿಸಲೆಂದು ಹಳಗನ್ನಡ ಪದ್ಯಗಳಲ್ಲಿ ಅಲ್ಲಲ್ಲಿ ಅಕ್ಷರಗಳನ್ನೇ ಮಾರ್ಪಡಿಸಿದನಂತೆ! ಪಾಠವನ್ನು ಕೆಡಿಸಿ ಶುದ್ಧಿಯ ಪ್ರಮಾಣಪತ್ರವನ್ನು ಪಡೆಯುವುದಕ್ಕಿಂತ ದೊಡ್ಡ ಅಪರಾಧವನ್ನು ಗ್ರಂಥಸಂಪಾದನೆಯ ಶಾಸ್ತ್ರವು ಅರಿಯದು.

ಎರಡನೆಯ ರಾಶಿ ಆಕರಗ್ರಂಥಗಳ ಪಟ್ಟಿ, ವಿಷಯಸೂಚಿ, ಕೃತಜ್ಞತೆ ಮುಂತಾದುವು. ಸುಮಾರು 3,000 ಪದಗಳು. ಇವನ್ನೂ ನಿಯಮವು ಹೊರಗಿಡುತ್ತದೆ. ಒಂದೇ ಕಾವ್ಯವನ್ನು ಓದಿದವರ ಗ್ರಂಥಪಟ್ಟಿಗಳು ಒಂದನ್ನೊಂದು ಹೋಲದಿದ್ದರೆ ಅದೇ ಸಂದೇಹಾಸ್ಪದವು. ಮೂರನೆಯ ರಾಶಿ ಚೂರುಚೂರಾದ ಹೊಂದಿಕೆಗಳು. ಸುಮಾರು 2,000 ಪದಗಳು. ಗ್ರಂಥನಾಮಗಳು, ಪರಿಚ್ಛೇದಗಳ ಹೆಸರುಗಳು, ಅಲಂಕಾರಗಳ ಪರಿಭಾಷೆ, “ಎಂಬುದು ವಿದ್ವಾಂಸರ ಅಭಿಪ್ರಾಯ” ಎಂಬಂತಹ ಸವೆದ ಮಾತುಗಳು ಇಲ್ಲಿವೆ. ಉಪಮೆಯನ್ನು ಉಪಮೆಯೆಂದೇ ಕರೆಯಬೇಕು. ಅಂಕದ ಭಯಕ್ಕೆ ಬೇರೆ ಹೆಸರಿಟ್ಟರೆ ಶಾಸ್ತ್ರವು ಕೆಡುವುದು. ಇಲ್ಲಿ ತಿದ್ದಬೇಕಾದುದೇನೂ ಇಲ್ಲ.

ನಾಲ್ಕನೆಯ ರಾಶಿ ಸ್ವಲ್ಪ ಸೂಕ್ಷ್ಮವಾದುದು. 3,500 ಪದಗಳು ಆಕೆಯೇ ಹಿಂದೆ ಪ್ರಕಟಿಸಿದ್ದ ಎರಡು ಲೇಖನಗಳೊಡನೆ ಹೊಂದಿದ್ದುವು. ತನ್ನ ಮಾತನ್ನೇ ತಾನು ಬಳಸಿದರೆ ಚೌರ್ಯವೆಲ್ಲಿ ಎಂದು ಆಕೆಗೆ ಆಶ್ಚರ್ಯ. ಆದರೆ ತನ್ನ ಪ್ರಕಟಿತ ಬರೆಹವನ್ನು ಸೂಚನೆಯಿಲ್ಲದೆ ಮರಳಿ ಬಳಸುವುದು ಒಪ್ಪತಕ್ಕದ್ದಲ್ಲವೆಂದು ಆಯೋಗವು 2020ರಲ್ಲಿ ಪ್ರಕಟಣೆಯ ಮೂಲಕ ಹೇಳಿದೆ. ಅದು ನ್ಯಾಯವೂ ಹೌದು. ಓದುಗನು ಹೊಸದೆಂದು ನಂಬಿ ಹಳೆಯದನ್ನು ಓದಬಾರದು. ಹೀಗಿರಲು ವಾಕ್ಯಗಳನ್ನು ತಿರುಚಬೇಕಾಗಿಲ್ಲ. ಆಯಾ ಅಧ್ಯಾಯದ ಮೊದಲಲ್ಲಿ “ಈ ಭಾಗವು ಇಂತಹ ಲೇಖನದ ಪರಿಷ್ಕೃತ ರೂಪ” ಎಂದು ಬರೆದು, ಮಾರ್ಗದರ್ಶಕರಿಂದ ಅದಕ್ಕೆ ದೃಢೀಕರಣವನ್ನು ಪಡೆದರೆ ಸಾಕು.

ಉಳಿದುದು 3,000 ಪದಗಳು, ನೂರಕ್ಕೆ ಆರು. ಇಲ್ಲಿಯೇ ವಿಚಾರವು ತಿರುಗುತ್ತದೆ. ಮೇಲಿನ ನಾಲ್ಕು ರಾಶಿಗಳನ್ನು ಕ್ರಮವಾಗಿ ಹೊರಗಿಟ್ಟರೆ ಅಂಕವು 10ರ ಕೆಳಗೆ ತಾನಾಗಿಯೇ ಇಳಿಯುವುದು, ದಂಡವೂ ಇಲ್ಲವಾಗುವುದು. ಎಷ್ಟೋ ಜನ ಇಲ್ಲಿಗೆ ಪುಸ್ತಕವನ್ನು ಮುಚ್ಚುವರು. ಆದರೆ ಪ್ರಬಂಧದಲ್ಲಿ ನಿಜವಾದ ದೋಷವಿದ್ದುದು ಈ ಆರರಲ್ಲಿಯೇ.

ಇದನ್ನು ಅಳೆಯಲು ನಮ್ಮ ಆಲಂಕಾರಿಕರು ಹಿಂದೆಯೇ ಕೋಲನ್ನು ಕೊಟ್ಟಿದ್ದಾರೆ. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕಾವ್ಯಗಳ ಸಂವಾದವನ್ನು, ಎಂದರೆ ಪರಸ್ಪರ ಸಾದೃಶ್ಯವನ್ನು, ಮೂರು ಬಗೆಯಾಗಿ ವಿಂಗಡಿಸಿದನು: ಪ್ರತಿಬಿಂಬದಂತಿರುವುದು, ಚಿತ್ರದಂತಿರುವುದು, ಸಮಾನದೇಹಿಗಳಂತಿರುವುದು. ಮೊದಲನೆಯದಕ್ಕೆ ಸ್ವಂತ ಆತ್ಮವಿಲ್ಲ. ಎರಡನೆಯದರ ಆತ್ಮವು ತುಚ್ಛ. ಆದುದರಿಂದ ಇವೆರಡೂ ತ್ಯಾಜ್ಯ. ಮೂರನೆಯದರಲ್ಲಿ ರೂಪ ಹೋಲಿದರೂ ಆತ್ಮವು ಬೇರೆ, ಅದು ಗ್ರಾಹ್ಯ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣವನ್ನೂ ಅರ್ಥಹರಣವನ್ನೂ ಬೇರೆಬೇರೆಯಾಗಿ ವಿವರಿಸಿ ಈ ವಿಭಾಗವನ್ನು ಇನ್ನೂ ವಿಸ್ತರಿಸಿದನು. ಅವರ ಕೋಲು ಕಾವ್ಯಕ್ಕೆಂದು ಕಡಿದದ್ದಾದರೂ ಶಾಸ್ತ್ರಗದ್ಯಕ್ಕೂ ಒಪ್ಪುವುದೆಂದು ನನ್ನ ಎಣಿಕೆ.

ಆ 3,000 ಪದಗಳಲ್ಲಿ ಸುಮಾರು 800 ಪದಗಳು ಸಮಾನದೇಹಿಗಳು. ಕವಿರಾಜಮಾರ್ಗವು 9ನೆಯ ಶತಮಾನದ ರಾಷ್ಟ್ರಕೂಟ ನೃಪತುಂಗನ ಆಸ್ಥಾನಕ್ಕೆ ಸೇರಿದುದು, ಕೆ. ಬಿ. ಪಾಠಕರು ಅದನ್ನು 1898ರಲ್ಲಿ ಪ್ರಕಟಿಸಿದರು ಎಂಬಂತಹ ಸಂಗತಿಗಳನ್ನು ಯಾರು ಹೇಳಿದರೂ ಹೆಚ್ಚು ಕಡಮೆ ಹೀಗೆಯೇ ಹೇಳಬೇಕು. ಅವನ್ನು ಮುಟ್ಟಲಿಲ್ಲ.

ಸುಮಾರು 1,200 ಪದಗಳು ಪ್ರತಿಬಿಂಬಗಳು. ಶೋಧಗಂಗಾ ಭಂಡಾರದಲ್ಲಿರುವ ಒಂದು ಹಳೆಯ ಪ್ರಬಂಧದ ಎರಡು ಭಾಗಗಳು ಯಾವ ಸೂಚನೆಯೂ ಇಲ್ಲದೆ ಹಾಗೆಯೇ ಬಂದಿದ್ದುವು. ಟಿಪ್ಪಣಿ ಮಾಡಿಕೊಂಡಾಗ ಆಕರವನ್ನು ಬರೆದುಕೊಳ್ಳಲಿಲ್ಲ, ವರ್ಷಗಳ ಮೇಲೆ ತನ್ನ ಮಾತೆಂದೇ ಭ್ರಮಿಸಿದೆನೆಂದು ಆಕೆ ಹೇಳಿದಳು. ಇರಬಹುದು. ಆದರೆ ಅದರಲ್ಲಿ ಉಪಮೆಯ ಪದ್ಯವೊಂದು ಕವಿರಾಜಮಾರ್ಗದ ಎರಡನೆಯ ಪರಿಚ್ಛೇದದ್ದೆಂದು ಹೇಳಿತ್ತು. ಎರಡನೆಯದು ಶಬ್ದಾಲಂಕಾರಗಳ ಪರಿಚ್ಛೇದ. ಉಪಮೆಯು ಅರ್ಥಾಲಂಕಾರವಾದುದರಿಂದ ಮೂರನೆಯದರಲ್ಲಿ ಬರುತ್ತದೆ. ಹಳೆಯ ಪ್ರಬಂಧದಲ್ಲಿಯೂ ಇದೇ ತಪ್ಪು! ಓಲೆಗರಿಗಳ ಸಂಬಂಧವನ್ನು ನಿರ್ಣಯಿಸುವವರು ಬಲ್ಲರು: ಎರಡು ಪ್ರತಿಗಳಲ್ಲಿ ಸರಿಯಾದ ಪಾಠವು ಒಂದೇ ಆಗಿರುವುದು ಏನನ್ನೂ ಸಾಧಿಸದು, ಆದರೆ ಒಂದೇ ವಿಲಕ್ಷಣವಾದ ತಪ್ಪು ಎರಡರಲ್ಲಿಯೂ ಇದ್ದರೆ ಒಂದು ಮತ್ತೊಂದರಿಂದಲೋ ಎರಡೂ ಮೂರನೆಯದೊಂದರಿಂದಲೋ ಇಳಿದಿರಬೇಕು. ಮೂಲವನ್ನು ಈಕೆ ತೆರೆದು ನೋಡಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಇಲ್ಲಿ ಒಂದು ಅಡಿಟಿಪ್ಪಣಿಯನ್ನು ಅಂಟಿಸಿದರೆ ಸಾಲದು. ಆಕೆಯು ಮೂಲವನ್ನು ಓದಿ ಆ ಭಾಗವನ್ನು ಹೊಸದಾಗಿ ಬರೆದಳು. ಹಳೆಯ ಪ್ರಬಂಧದ ವಾದವು ಬೇಕಾದ ಕಡೆ ಅದರ ಕರ್ತೃವನ್ನು ಹೆಸರಿಸಿದಳು.

ಉಳಿದ 1,000 ಪದಗಳು ಚಿತ್ರಗಳು. ಇಲ್ಲಿ “ಹೇಳಿದ್ದಾನೆ” ಎಂಬುದು “ನುಡಿದಿದ್ದಾನೆ” ಆಗಿತ್ತು, “ಪ್ರಭಾವ” ಎಂಬುದು “ಪರಿಣಾಮ”ವಾಗಿತ್ತು. ವಾದದ ಕ್ರಮ, ಉದಾಹರಣೆಗಳ ಆಯ್ಕೆ, ತೀರ್ಮಾನ ಎಲ್ಲವೂ ಇನ್ನೊಬ್ಬರವು. ಯಂತ್ರವು ಇದನ್ನು ಬಣ್ಣದ ಹರಕು ತೇಪೆಗಳಾಗಿ ತೋರಿಸಿತ್ತು: ಮೂರು ಪದ ಕೆಂಪು, ಒಂದು ಬಿಳಿ, ಮತ್ತೆ ಐದು ಕೆಂಪು. ವರದಿಯನ್ನು ಓದುವವರು ಈ ಆಕಾರವನ್ನು ಗುರುತಿಸಲು ಕಲಿಯಬೇಕು. ಒಂದೇ ಆಕರದಿಂದ ಬಂದ ತೇಪೆಗಳು ಒಂದೇ ಕಂಡಿಕೆಯಲ್ಲಿ ಸಾಲಾಗಿ ನಿಂತರೆ ಅದು ಆಕಸ್ಮಿಕವಲ್ಲ. ಬಿಳಿಯ ಪದಗಳನ್ನು ಹೆಚ್ಚಿಸಿದರೆ ಅಂಕವು ಇಳಿಯುತ್ತದೆ, ದೋಷವು ಮಾತ್ರ ಇನ್ನೂ ಆಳಕ್ಕೆ ಇಳಿಯುತ್ತದೆ. ಆಕೆ ಮೊದಲು ಮಾಡಬೇಕೆಂದಿದ್ದ “ಮಾತು ಬದಲಿಸುವ” ಕೆಲಸವು ಇಂತಹುದೇ. ಆ ಭಾಗಗಳನ್ನು ತೆಗೆದುಹಾಕಿ, ಆಯಾ ವಿದ್ವಾಂಸರ ಮತವೆಂದು ಎರಡೆರಡು ವಾಕ್ಯಗಳಲ್ಲಿ ಸಂಗ್ರಹಿಸಿ, ಅದರ ಮೇಲೆ ತನ್ನ ವಿಮರ್ಶೆಯನ್ನು ಬರೆಯುವಂತೆ ಹೇಳಿದೆನು.

ಈ ತಿದ್ದುಪಡಿಯೆಲ್ಲ ಮುಗಿದ ಮೇಲೆ, ಏನನ್ನೂ ಹೊರಗಿಡದೆ ಎಣಿಸಿದರೆ, ಅಂಕವು 38ರಿಂದ ಸುಮಾರು 34ಕ್ಕೆ ಮಾತ್ರ ಇಳಿದಿತ್ತು. ನಾಲ್ಕು ರಾಶಿಗಳನ್ನು ಹೊರಗಿಟ್ಟರೆ 2ಕ್ಕೂ ಕಡಮೆ. ನಿಜವಾದ ಶುದ್ಧಿಯು ಅಂಕವನ್ನು ನಾಲ್ಕರಷ್ಟು ಕದಲಿಸಿತು. ಯಂತ್ರದ ವ್ಯವಸ್ಥೆಯನ್ನು ಬದಲಿಸಿದುದು ಮೂವತ್ತೆರಡರಷ್ಟು ಕದಲಿಸಿತು. ಅಂಕಕ್ಕೂ ದೋಷಕ್ಕೂ ಇರುವ ದೂರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಅಂಕವು ಕಡಮೆಯಿದ್ದಾಗಲೂ ಇದೇ ಎಚ್ಚರಿಕೆ ಬೇಕು. ಸಾಧಾರಣ ಸಂಗತಿಗಳೂ ಆಕಸ್ಮಿಕವಾಗಿ ಹೊಂದಿದ ಮಾತುಗಳೂ ಒಂದೇಸಮನೆ 14 ಪದಗಳವರೆಗೆ ಇದ್ದರೆ ಅವನ್ನು ಗಣಿಸಬೇಕಾಗಿಲ್ಲವೆಂದು ನಿಯಮವಿದೆ. ಇಂಗ್ಲಿಷಿನ 14 ಪದಗಳು ಒಂದು ಸಾಮಾನ್ಯ ವಾಕ್ಯ. ವಿಭಕ್ತಿಯನ್ನೂ ಸಂಧಿಯನ್ನೂ ಸಮಾಸವನ್ನೂ ಒಳಗೊಂಡ ಕನ್ನಡದ 14 ಪದಗಳಲ್ಲಿ ಒಂದು ವಾದವೇ ಅಡಗಬಹುದು; ಕಂದಪದ್ಯವೊಂದು ಇಡಿಯಾಗಿ ಕುಳಿತರೂ ಕುಳಿತೀತು. ಸಣ್ಣ ಹೊಂದಿಕೆಗಳನ್ನು ಎಣಿಸಬೇಡವೆಂದು ಯಂತ್ರಕ್ಕೆ ಹೇಳುವ ಮೊದಲು ಇದನ್ನು ನೆನೆಯಬೇಕು. ಇದಲ್ಲದೆ ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕನ್ನಡವು ಯಂತ್ರಕ್ಕೆ ಅರ್ಥವಿಲ್ಲದ ಗುರುತುಗಳ ಸಾಲು. ಚಿತ್ರರೂಪವಾಗಿ ಭಂಡಾರಕ್ಕೆ ಸೇರಿದ ಹಳೆಯ ಪ್ರಬಂಧವು ಅದಕ್ಕೆ ಬರಿಯ ಚಿತ್ರ. ಅಚ್ಚಿನಲ್ಲಿ ಮಾತ್ರ ಇರುವ ಪುಸ್ತಕವಂತೂ ಇಲ್ಲವೇ ಇಲ್ಲ. ನಮ್ಮ ಸಾಹಿತ್ಯವಿಮರ್ಶೆಯ ಬಹುಭಾಗವು ಇನ್ನೂ ಅಚ್ಚಿನ ಪುಸ್ತಕಗಳಲ್ಲಿಯೇ ಇದೆ.

ಭಾಷಾಂತರದ ವಿಷಯವನ್ನೂ ಹೇಳಿ ಮುಗಿಸುತ್ತೇನೆ. ಕವಿರಾಜಮಾರ್ಗದ ಅನೇಕ ಪದ್ಯಗಳು ದಂಡಿಯನ್ನು ಹೆಜ್ಜೆಹೆಜ್ಜೆಗೂ ಅನುಸರಿಸುತ್ತವೆಯೆಂಬುದು ಸರ್ವವಿದಿತ. ಪದಸರಣಿಯನ್ನು ಮಾತ್ರ ತಾಳೆನೋಡುವ ಯಂತ್ರಕ್ಕೆ ಆ ಎರಡು ಗ್ರಂಥಗಳನ್ನು ಒಡ್ಡಿದರೆ ಅದು ಸೊನ್ನೆಯೆಂದೇ ಹೇಳೀತು. ಆ ಸೊನ್ನೆಯಿಂದ ದಂಡಿಯ ಋಣವು ತೀರುವುದಿಲ್ಲ. ಋಣವಿದೆಯೆಂದು ಕನ್ನಡ ಗ್ರಂಥವು ಚೌರ್ಯವಾಗುವುದೂ ಇಲ್ಲ, ಏಕೆಂದರೆ ಅದರಲ್ಲಿ ಕನ್ನಡ ನಾಡು, ಕನ್ನಡ ನುಡಿ, ಕನ್ನಡದ ಕವಿಗಳು ಎಂಬ ಬೇರೆಯೇ ಆತ್ಮವಿದೆ. ಎರಡು ಗ್ರಂಥಗಳನ್ನೂ ಮುಂದಿಟ್ಟುಕೊಂಡು ಓದಿದವನಿಗೆ ಮಾತ್ರ ಈ ನಿರ್ಣಯವು ಸಾಧ್ಯ. ಆ ಸಂಶೋಧಕಿಯ ಪ್ರಬಂಧವು ಹೇಳಬೇಕಾಗಿದ್ದುದೂ ಇದನ್ನೇ. ಮೂಲವನ್ನು ತೆರೆದ ಮೇಲೆ ಆಕೆಯು ಉಪಮೆಯ ಪ್ರಕರಣದಲ್ಲಿ ಕನ್ನಡ ಗ್ರಂಥಕಾರನು ದಂಡಿಯನ್ನು ಎಲ್ಲಿ ಬಿಟ್ಟು ನಡೆದನೆಂಬುದನ್ನು ನಾಲ್ಕು ಪುಟಗಳಷ್ಟು ಹೊಸದಾಗಿ ಬರೆದು ತಂದಳು. ಇಡೀ ಪ್ರಬಂಧದಲ್ಲಿ ಅವೇ ಉತ್ತಮವಾದ ಪುಟಗಳು.